ಹಿರಿಯರು ಹಂಗ, ಕಿರಿಯರು ಹಿಂಗ ಅಂತಾರಲ್ಲ, ಅದರಲ್ಲಿ ನಿಜ ಎಷ್ಟು?

ನಮ್ಮ ಬಾಗಲಕೋಟೆ ಕಡೆ ಕನ್ಯಾ ನೋಡಲು ಹೋದವರು ಚಹಾ ಕುಡಿಯುವ ಹೊತ್ತಿಗೆ ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. "ಹುಡುಗಿ ಎಷ್ಟನೇದಾಕಿರೀ?" ಹಿರೇಮಗಳು ಅಂದರೆ ಒಳ್ಳೇದಾಯ್ತು, ಮನೆ ಸಂಭಾಳಿಸುತ್ತಾಳೆ. ಕಡೇ ಮಗಳು ಅಂದರೆ ಮುದ್ದಿನಲ್ಲಿ ಬೆಳೆದಿದ್ದಾಳೆ, ಕೆಲಸ ಅಷ್ಟಕ್ಕಷ್ಟೇ. ನಡುವಿನವಳಾದರೆ ಸ್ವಲ್ಪ ಹಟದ ಸ್ವಭಾವ ಇರಬಹುದು. ಹುಡುಗಿ ಇನ್ನೂ ಒಳಗಿನಿಂದ ಬಂದೇ ಇಲ್ಲ, ಆಗಲೇ ಅವಳ ಅರ್ಧ ಸ್ವಭಾವ ತೀರ್ಮಾನವಾಗಿರುತ್ತದೆ.

ಈ ನಂಬಿಕೆ ನಮ್ಮಲ್ಲಿ ಮಾತ್ರ ಇಲ್ಲ. ಪಾಶ್ಚಾತ್ಯರಲ್ಲಿ ಇದಕ್ಕೆ ದೊಡ್ಡ ಶಾಸ್ತ್ರವೇ ಬೆಳೆದಿದೆ. 1874ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಅಲ್ಲಿನ ಹೆಸರಾಂತ ವಿಜ್ಞಾನಿಗಳ ಮಾಹಿತಿ ಸಂಗ್ರಹಿಸಿ, ಅವರಲ್ಲಿ ಹಿರಿಮಕ್ಕಳ ಸಂಖ್ಯೆ ಲೆಕ್ಕಕ್ಕಿಂತ ಜಾಸ್ತಿ ಇದೆ ಎಂದ. ಆಮೇಲೆ ವಿಯೆನ್ನಾದ ವೈದ್ಯ ಆಲ್ಫ್ರೆಡ್ ಆಡ್ಲರ್ ಬಂದ. ಎರಡನೇ ಮಗು ಹುಟ್ಟಿದ ದಿನ ಮೊದಲ ಮಗು ಪಟ್ಟ ಕಳೆದುಕೊಂಡಂತೆ ಆಗುತ್ತದೆ, ಆ ನೋವು ಅದರ ಸ್ವಭಾವವನ್ನೇ ರೂಪಿಸುತ್ತದೆ ಎಂದು ಹೇಳಿದ. ಆಡ್ಲರ್ ಹೇಳಿದ್ದು ತನ್ನ ಬಳಿ ಬಂದ ರೋಗಿಗಳನ್ನು ನೋಡಿ. ಸಾವಿರಾರು ಮನೆಗಳ ಮಕ್ಕಳನ್ನು ಅಳೆದು ಹೇಳಿದ್ದಲ್ಲ. ಆದರೂ ಹಿರಿಯರು ಜವಾಬ್ದಾರರು, ನಡುವಿನವರು ಕಡೆಗಣಿಸಲ್ಪಟ್ಟವರು, ಕಿರಿಯರು ಮುದ್ದಿನವರು ಎಂಬ ಮಾತು ಅಲ್ಲಿಂದ ಪತ್ರಿಕೆಗಳಿಗೆ ಬಂತು. ಈಗ ಮೊಬೈಲಿನಲ್ಲೂ ಅದೇ ಓಡಾಡುತ್ತಿದೆ.

ನಮ್ಮ ಮನೆಯಲ್ಲೇ ನೋಡಿದರೂ ಇದು ನಿಜ ಅನಿಸುತ್ತದಲ್ವಾ? ಯಾಕೆ ಹಾಗನಿಸುತ್ತದೆ ಎಂಬುದು ಮೊದಲು ತಿಳಿಯಬೇಕು.

ಹನ್ನೆರಡು ವರ್ಷದ ಅಕ್ಕ, ಆರು ವರ್ಷದ ತಮ್ಮ ಇರುವ ಮನೆ ಅಂದುಕೊಳ್ಳಿ. ಅಕ್ಕ ಶಾಲೆಯಿಂದ ಬಂದು ತಾನೇ ಬಟ್ಟೆ ಬದಲಿಸುತ್ತಾಳೆ, ಹೋಂವರ್ಕ್ ಮಾಡುತ್ತಾಳೆ, ಅವ್ವ ರೊಟ್ಟಿ ಬಡಿಯುವಾಗ ಗಿರಣಿಗೆ ಹೋಗಿ ಹಿಟ್ಟು ತರುತ್ತಾಳೆ. ತಮ್ಮ ಚೀಲವನ್ನು ಬಾಗಿಲಲ್ಲೇ ಎಸೆದು ಓಡುತ್ತಾನೆ. ನೋಡಿದವರು ಏನಂತಾರೆ? ಹಿರೇಮಗಳು ಶಾಣ್ಯಾ, ಸಣ್ಣಾವ ಉಡಾಳ ಅಂತಾರೆ. ಆದರೆ ಇಲ್ಲಿ ಕಾಣುತ್ತಿರುವುದು ಹನ್ನೆರಡು ವರ್ಷದ ಮಗುವಿಗೂ ಆರು ವರ್ಷದ ಮಗುವಿಗೂ ಇರುವ ವ್ಯತ್ಯಾಸ. ಅಕ್ಕ ಆರು ವರ್ಷದವಳಿದ್ದಾಗ ಚೀಲ ಎಲ್ಲಿ ಎಸೆಯುತ್ತಿದ್ದಳು ಎಂಬುದು ಯಾರ ನೆನಪಿನಲ್ಲೂ ಇರುವುದಿಲ್ಲ. ತಮ್ಮನಿಗೆ ಹನ್ನೆರಡಾಗುವ ಹೊತ್ತಿಗೆ ಅಕ್ಕನಿಗೆ ಹದಿನೆಂಟು. ಆಗಲೂ ಅವಳೇ ಹೆಚ್ಚು ತಿಳಿದವಳು. ಒಂದೇ ಮನೆಯಲ್ಲಿ ಹಿರಿಯರು ಯಾವತ್ತೂ ವಯಸ್ಸಿನಲ್ಲಿ ಮುಂದೆಯೇ ಇರುತ್ತಾರೆ. ಹಾಗಾಗಿ ತಂದೆತಾಯಿ ಬರಿಗಣ್ಣಿನಿಂದ ನೋಡಿ ವಯಸ್ಸು ಯಾವುದು, ಹುಟ್ಟಿದ ಕ್ರಮ ಯಾವುದು ಎಂದು ಬಿಡಿಸಿ ಹೇಳಲು ಆಗುವುದೇ ಇಲ್ಲ. ಇಬ್ಬರನ್ನೂ ಒಂದೇ ವಯಸ್ಸಿನಲ್ಲಿ, ಒಂದೇ ಬಗೆಯ ಪರೀಕ್ಷೆಯಿಂದ ಅಳೆದರೆ ಮಾತ್ರ ಹೋಲಿಕೆಗೆ ಅರ್ಥ.

ಇದು ಮನೆಯವರಿಗಾಗುವ ಭ್ರಮೆ. ಸಂಶೋಧಕರೇ ಬಹಳ ಕಾಲ ಬಿದ್ದ ಹಳ್ಳ ಬೇರೆ. ಅದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡೋಣ. ಇದು ತಿಳಿಯಲಿಕ್ಕೆ ಮಾಡಿಕೊಂಡ ಲೆಕ್ಕ, ಅಂಕಿಗಳೆಲ್ಲ ಕಲ್ಪಿತ.

ವಿಜಯಪುರದ ಒಂದು ಶಾಲೆಗೆ ಇಪ್ಪತ್ತು ಮನೆಗಳಿಂದ ಮಕ್ಕಳು ಬರುತ್ತಾರೆ. ಹತ್ತು ಮನೆಗಳಲ್ಲಿ ಅಪ್ಪನಿಗೋ ಅವ್ವನಿಗೋ ಸಂಬಳದ ನೌಕರಿ ಇದೆ, ಎರಡೆರಡೇ ಮಕ್ಕಳು. ಇನ್ನು ಹತ್ತು ಮನೆಯವರು ವರ್ಷದಲ್ಲಿ ಕೆಲವು ತಿಂಗಳು ಕಬ್ಬು ಕಡಿಯಲು ಗುಳೆ ಹೋಗುತ್ತಾರೆ, ಅಲ್ಲಿ ನಾಲ್ಕು ನಾಲ್ಕು ಮಕ್ಕಳು. ನೌಕರಿಯವರ ಮನೆಯ ಎರಡೂ ಮಕ್ಕಳಿಗೆ ಪರೀಕ್ಷೆಯಲ್ಲಿ 80 ಅಂಕ. ಗುಳೆ ಹೋಗುವ ಮನೆಯ ನಾಲ್ಕೂ ಮಕ್ಕಳಿಗೆ 60. ಅಂದರೆ ಯಾವ ಮನೆಯಲ್ಲೂ ಅಣ್ಣನಿಗೂ ತಮ್ಮನಿಗೂ ಒಂದಂಕದ ವ್ಯತ್ಯಾಸವೂ ಇಲ್ಲ. ಈಗ ಮನೆ ಮರೆತು, ಎಲ್ಲ ಮೊದಲ ಮಕ್ಕಳನ್ನು ಒಂದು ಕಡೆ ಸೇರಿಸಿ ಸರಾಸರಿ ತೆಗೆಯಿರಿ. 70 ಬರುತ್ತದೆ. ಎರಡನೆಯವರದ್ದೂ 70. ಮೂರನೆಯವರು ಮತ್ತು ನಾಲ್ಕನೆಯವರು ಇರುವುದು ದೊಡ್ಡ ಕುಟುಂಬಗಳಲ್ಲಿ ಮಾತ್ರ. ಅವರ ಸರಾಸರಿ 60. ಈ ಪಟ್ಟಿ ನೋಡಿದವರು ನಂತರ ಹುಟ್ಟಿದ ಮಕ್ಕಳು ದಡ್ಡರು ಅಂದುಬಿಡುತ್ತಾರೆ. ನಿಜವಾಗಿ ಪಟ್ಟಿಯಲ್ಲಿ ಇರುವುದು ಮನೆಯ ಬಡತನ ಮತ್ತು ತಪ್ಪಿದ ಶಾಲೆಯ ದಿನಗಳು.

ಗಾಲ್ಟನ್‌ನಿಂದ ಹಿಡಿದು ನೂರು ವರ್ಷ ನಡೆದ ಬಹುಪಾಲು ಅಧ್ಯಯನಗಳಲ್ಲಿ ಈ ತೊಡಕು ಇತ್ತು. 1983ರಲ್ಲಿ ಸ್ವಿಟ್ಜರ್ಲೆಂಡಿನ ಸೆಸಿಲ್ ಅರ್ನ್ಸ್ಟ್ ಮತ್ತು ಯೂಲ್ಸ್ ಆಂಗ್ಸ್ಟ್ ಎಂಬಿಬ್ಬರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಂದೊಂದಾಗಿ ತಿರುವಿ ಹಾಕಿದರು. ಕುಟುಂಬದ ಗಾತ್ರ ಮತ್ತು ಆರ್ಥಿಕ ಸ್ಥಿತಿಯನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡರೆ ಸ್ವಭಾವದ ಮೇಲೆ ಹುಟ್ಟಿದ ಕ್ರಮದ ಪ್ರಭಾವ ಹೆಚ್ಚುಕಡಿಮೆ ಕರಗಿ ಹೋಗುತ್ತದೆ ಎಂದರು. ಆದರೆ ಜನರ ನಂಬಿಕೆ ಕರಗಲಿಲ್ಲ. 1996ರಲ್ಲಿ ಅಮೆರಿಕದ ಫ್ರಾಂಕ್ ಸಲೊವೆ ಮತ್ತೆ ಅದೇ ವಾದ ಎತ್ತಿದ. ಹಿರಿಯರು ಇದ್ದದ್ದನ್ನು ಕಾಪಾಡುವವರು, ಕಿರಿಯರು ಬಂಡಾಯ ಏಳುವವರು ಅಂದ.

ಇದನ್ನು ಪಕ್ಕಾ ಮಾಡಲು ತುಂಬ ದೊಡ್ಡ ಸಂಖ್ಯೆಯ ಮಾಹಿತಿ ಬೇಕಿತ್ತು. ಅದು 2015ರಲ್ಲಿ ಬಂತು. ಜರ್ಮನಿಯ ಜೂಲಿಯಾ ರೋರರ್ ಮತ್ತು ಜೊತೆಗಾರರು ಅಮೆರಿಕ, ಬ್ರಿಟನ್, ಜರ್ಮನಿಯ 20,000ಕ್ಕೂ ಹೆಚ್ಚು ಜನರ ಮಾಹಿತಿ ತೆಗೆದುಕೊಂಡರು. ಬೇರೆ ಬೇರೆ ಮನೆಗಳವರನ್ನು ಹೋಲಿಸಿದ್ದಲ್ಲದೆ, ಒಂದೇ ಮನೆಯ ಅಣ್ಣ ತಮ್ಮ ಅಕ್ಕ ತಂಗಿಯರನ್ನೂ ಹೋಲಿಸಿದರು. ಜನರೊಡನೆ ಬೆರೆಯುವುದು, ಮನಸ್ಸಿನ ಸ್ಥಿಮಿತ, ಹೊಂದಿಕೊಂಡು ಹೋಗುವುದು, ಅಚ್ಚುಕಟ್ಟುತನ ಮತ್ತು ಜವಾಬ್ದಾರಿ, ಈ ಯಾವುದರಲ್ಲೂ ಹುಟ್ಟಿದ ಕ್ರಮದ ಗುರುತು ಸಿಗಲಿಲ್ಲ. ಅದೇ ವರ್ಷ ಅಮೆರಿಕದ ರೋಡಿಕಾ ಡಾಮಿಯನ್ ಮತ್ತು ಬ್ರೆಂಟ್ ರಾಬರ್ಟ್ಸ್ ಸುಮಾರು 3,77,000 ಹೈಸ್ಕೂಲ್ ವಿದ್ಯಾರ್ಥಿಗಳ ಮಾಹಿತಿ ನೋಡಿದರು. ಅವರಿಗೆ ಸಿಕ್ಕ ನಂಟಿನ ಸರಾಸರಿ 0.02. ಈ ಅಳತೆಯಲ್ಲಿ 0 ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ನಂಟು. ಅಂದರೆ ಒಬ್ಬರ ಸ್ವಭಾವ ನೋಡಿ ಅವರು ಮನೆಯಲ್ಲಿ ಎಷ್ಟನೆಯವರು ಎಂದು ಹೇಳಲು ಹೊರಟರೆ, ಕಣ್ಣು ಮುಚ್ಚಿ ಊಹಿಸಿದ್ದಕ್ಕಿಂತ ಹೆಚ್ಚೇನೂ ಸರಿಹೋಗುವುದಿಲ್ಲ.

ಇದಕ್ಕೆ ಬೇರೆ ದನಿಯೂ ಇದೆ. ಇತ್ತೀಚೆಗೆ ಕೆನಡಾದ ಮೈಕಲ್ ಆಷ್ಟನ್ ಮತ್ತು ಕಿಬಿಯಂ ಲೀ ಏಳು ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳನ್ನು ನೋಡಿ, ನಡುವಿನವರು ಮತ್ತು ಕಡೆಯವರಲ್ಲಿ ವಿನಯ ಹಾಗೂ ಹೊಂದಾಣಿಕೆ ಚೂರು ಜಾಸ್ತಿ ಇದೆ ಎಂದರು. ಆದರೆ ಆ ವ್ಯತ್ಯಾಸದಲ್ಲಿ ದೊಡ್ಡ ಪಾಲು ಮನೆಯಲ್ಲಿ ಎಷ್ಟು ಮಕ್ಕಳಿದ್ದರು ಎಂಬುದಕ್ಕೆ ಸೇರಿದ್ದು, ಎಷ್ಟನೆಯವರು ಎಂಬುದಕ್ಕಲ್ಲ. ಮಕ್ಕಳು ಜಾಸ್ತಿ ಇರುವ ಮನೆಗಳು ಬೇರೆ ಎಷ್ಟೋ ವಿಷಯದಲ್ಲೂ ಬೇರೆಯಾಗಿರುತ್ತವೆ. ಹಾಗಾಗಿ ನನಗೆ ಒಂದೇ ಮನೆಯೊಳಗಿನ ಹೋಲಿಕೆಯೇ ಹೆಚ್ಚು ನಂಬಿಕೆಗೆ ಯೋಗ್ಯ ಅನಿಸುತ್ತದೆ.

ಒಬ್ಬನೇ ಮಗ ಅಥವಾ ಒಬ್ಬಳೇ ಮಗಳು ಇದ್ದರೆ ಸ್ವಾರ್ಥಿಗಳಾಗುತ್ತಾರೆ ಎಂಬ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. 1986ರಲ್ಲಿ ಟೋನಿ ಫಾಲ್ಬೊ ಮತ್ತು ಡೆನಿಸ್ ಪೊಲಿಟ್ 115 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಒಂಟಿ ಮಕ್ಕಳು ಹೊಂದಿಕೊಳ್ಳುವುದರಲ್ಲಾಗಲಿ, ಬೆರೆಯುವುದರಲ್ಲಾಗಲಿ ಬೇರೆ ಮಕ್ಕಳಿಗಿಂತ ಹಿಂದೆ ಬಿದ್ದಿರಲಿಲ್ಲ.

ಹಾಗಾದರೆ ಹುಟ್ಟಿದ ಕ್ರಮಕ್ಕೆ ಏನೂ ಅರ್ಥವಿಲ್ಲವೇ? ಇದೆ. ಆದರೆ ಅದು ಸ್ವಭಾವದಲ್ಲಿಲ್ಲ, ಪಾಲಿನಲ್ಲಿದೆ.

ಬುದ್ಧಿಶಕ್ತಿ ಪರೀಕ್ಷೆಯಲ್ಲಿ ಸಣ್ಣದಾದರೂ ಗಟ್ಟಿಯಾದ ವ್ಯತ್ಯಾಸ ಸಿಗುತ್ತದೆ. ರೋರರ್ ಅಧ್ಯಯನದಲ್ಲಿ ಮೊದಲನೆಯವರಿಂದ ಎರಡನೆಯವರಿಗೆ, ಎರಡನೆಯವರಿಂದ ಮೂರನೆಯವರಿಗೆ ಸುಮಾರು ಒಂದೂವರೆ ಅಂಕ ಇಳಿಯುತ್ತದೆ. ಈ ಪರೀಕ್ಷೆಯ ಸರಾಸರಿ 100, ಮೂರರಲ್ಲಿ ಎರಡು ಭಾಗ ಜನ 85ರಿಂದ 115ರ ನಡುವೆ ಇರುತ್ತಾರೆ. ಆ ಹರವಿನಲ್ಲಿ ಒಂದೂವರೆ ಅಂಕ ಎಷ್ಟು ಚಿಕ್ಕದು ನೋಡಿ. ಇಬ್ಬರು ಮಕ್ಕಳಿರುವ ಹತ್ತು ಮನೆಗಳಲ್ಲಿ ನಾಲ್ಕಕ್ಕೂ ಹೆಚ್ಚು ಮನೆಗಳಲ್ಲಿ ಕಿರಿಯ ಮಗುವೇ ಮುಂದಿರುತ್ತದೆ. ಸಾವಿರಾರು ಜನರ ಸರಾಸರಿಯಲ್ಲಿ ಕಾಣುವ ಈ ವ್ಯತ್ಯಾಸವನ್ನು ನಿಮ್ಮ ಮನೆಯ ಇಬ್ಬರು ಮಕ್ಕಳ ಮೇಲೆ ಹೇರಲು ಬರುವುದಿಲ್ಲ.

ಆದರೂ ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಹೊಟ್ಟೆಯಲ್ಲಿದ್ದಾಗಲೇ ಏನೋ ಆಗುತ್ತದೆಯೋ, ಅಥವಾ ಬೆಳೆಸುವುದರಲ್ಲೋ? ಇದಕ್ಕೆ ನಾರ್ವೆಯ ಪೆಟರ್ ಕ್ರಿಸ್ಟೆನ್ಸನ್ ಮತ್ತು ಟೂರ್ ಬ್ಯರ್ಕೆಡಾಲ್ 2007ರಲ್ಲಿ ಒಂದು ಜಾಣ ದಾರಿ ಕಂಡುಕೊಂಡರು. ಅಲ್ಲಿ ಹದಿನೆಂಟು ಹತ್ತೊಂಬತ್ತರ ಹುಡುಗರು ಸೈನ್ಯದ ಕಡ್ಡಾಯ ಸೇವೆಗೆ ಬಂದಾಗ ಎಲ್ಲರಿಗೂ ಒಂದೇ ಪರೀಕ್ಷೆ ಕೊಡುತ್ತಿದ್ದರು. ಅಂದರೆ ವಯಸ್ಸಿನ ತೊಡಕು ತಾನಾಗಿಯೇ ಹೋಯಿತು. 2,40,000ಕ್ಕೂ ಹೆಚ್ಚು ಹುಡುಗರ ಅಂಕ ಅವರ ಕೈಯಲ್ಲಿತ್ತು. ಅವರಲ್ಲಿ ಒಂದು ಗುಂಪನ್ನು ಬೇರೆಯಾಗಿ ತೆಗೆದರು: ಎರಡನೆಯವರಾಗಿ ಹುಟ್ಟಿ, ಮೊದಲ ಮಗು ಎಳವೆಯಲ್ಲೇ ತೀರಿಕೊಂಡಿದ್ದರಿಂದ ಹಿರಿಮಗನಾಗಿ ಬೆಳೆದವರು. ತಾಯಿಯ ಗರ್ಭದ ಲೆಕ್ಕದಲ್ಲಿ ಅವರು ಎರಡನೆಯವರೇ. ಆದರೆ ಅವರ ಅಂಕಗಳು ಮೊದಲನೆಯವರ ಅಂಕಗಳಂತೆಯೇ ಇದ್ದವು. ಗರ್ಭದ ಕ್ರಮಕ್ಕೆ ಇದರಲ್ಲಿ ಕೆಲಸವಿಲ್ಲ, ಮನೆಯಲ್ಲಿ ಯಾವ ಜಾಗದಲ್ಲಿ ನಿಂತು ಬೆಳೆದರು ಎಂಬುದಕ್ಕೆ ಇದೆ ಎಂಬುದು ಇದರಿಂದ ಗೊತ್ತಾಯಿತು.

ಆ ಜಾಗದಲ್ಲಿ ಏನು ಸಿಗುತ್ತದೆ? ಮುಖ್ಯವಾಗಿ ತಂದೆತಾಯಿಯ ಹೊತ್ತು. ಅಮೆರಿಕದ ಜೋಸೆಫ್ ಪ್ರೈಸ್ 2008ರಲ್ಲಿ ಇದನ್ನು ಲೆಕ್ಕ ಹಾಕಿದ. ಮನೆಮಂದಿ ದಿನವಿಡೀ ಏನು ಮಾಡಿದರೆಂದು ಬರೆದಿಟ್ಟ ವಿವರಗಳಿಂದ, ನಾಲ್ಕರಿಂದ ಹದಿಮೂರು ವರ್ಷದೊಳಗೆ ಮೊದಲ ಮಗುವಿಗೆ, ಅದೇ ವಯಸ್ಸಿನಲ್ಲಿ ಎರಡನೇ ಮಗುವಿಗೆ ಸಿಗುವುದಕ್ಕಿಂತ ದಿನಕ್ಕೆ 20ರಿಂದ 30 ನಿಮಿಷ ಹೆಚ್ಚು ಒಡನಾಟ ಸಿಗುತ್ತದೆ ಎಂದು ತೋರಿಸಿದ. ಇದರಲ್ಲಿ ಭೇದಭಾವ ಇರಲೇಬೇಕಿಲ್ಲ. ಯಾವುದೇ ಒಂದು ದಿನ ನೋಡಿದರೆ ತಂದೆತಾಯಿ ಇಬ್ಬರಿಗೂ ಹೆಚ್ಚುಕಡಿಮೆ ಸಮನಾಗಿಯೇ ಹೊತ್ತು ಕೊಡುತ್ತಾರೆ. ಆದರೆ ವರ್ಷ ಕಳೆದಂತೆ ಮಕ್ಕಳ ಜೊತೆ ಕೂತು ಆಡುವ, ಓದುವ ಒಟ್ಟು ಹೊತ್ತೇ ಕಡಿಮೆಯಾಗುತ್ತದೆ. ಹಿರಿಮಗಳಿಗೆ ಐದು ವರ್ಷವಿದ್ದಾಗ ಅಪ್ಪ ಕೂತು ಕತೆ ಹೇಳಿದ್ದ. ಕಿರಿಮಗನಿಗೆ ಐದಾಗುವಾಗ ಮನೆಯ ದಿನಚರಿಯೇ ಬದಲಾಗಿದೆ, ಹಿರಿಮಗಳ ಟ್ಯೂಷನ್ ಇದೆ, ಅಪ್ಪನ ಕೆಲಸ ಹೆಚ್ಚಾಗಿದೆ. ಒಂದೊಂದು ದಿನವೂ ಸಮಪಾಲು, ಬಾಲ್ಯದ ಒಟ್ಟು ಲೆಕ್ಕದಲ್ಲಿ ಮಾತ್ರ ಕೊರತೆ. ಎಷ್ಟೋ ಒಳ್ಳೆಯ ತಂದೆತಾಯಿಗೆ ಇದು ಗೊತ್ತೇ ಆಗುವುದಿಲ್ಲ.

ಪಾಲು ಬದಲಾದರೆ ಫಲವೂ ತಿರುಗುತ್ತದೆ. ಬ್ರೆಜಿಲ್ ಮತ್ತು ಈಕ್ವೆಡಾರ್‌ನಲ್ಲಿ ನಡೆದ ಅಧ್ಯಯನಗಳಲ್ಲಿ ಬಡ ಕುಟುಂಬಗಳ ಹಿರಿಮಕ್ಕಳೇ ಚಿಕ್ಕಂದಿನಲ್ಲಿ ದುಡಿಯಲು ಹೋಗುತ್ತಾರೆ, ಕಿರಿಯರು ಹೆಚ್ಚು ಓದುತ್ತಾರೆ ಎಂದು ಕಂಡುಬಂತು. ನಾರ್ವೆಯಲ್ಲಿ ಹಿರಿತನ ಲಾಭವಾದರೆ ಇಲ್ಲಿ ನಷ್ಟ. ನಮ್ಮ ಇಳಕಲ್‌ನ ಮಗ್ಗದ ಮನೆಗಳಲ್ಲಾಗಲಿ, ಅಥಣಿ ಕಡೆಯ ಕೂಲಿಕಾರರ ಮನೆಗಳಲ್ಲಾಗಲಿ ಕೂಸನ್ನು ಎತ್ತಿಕೊಳ್ಳಲೆಂದು ಶಾಲೆ ಬಿಟ್ಟ ಹಿರಿಮಗಳು ಯಾರಿಗೆ ಗೊತ್ತಿಲ್ಲ? ಅವಳ ಜವಾಬ್ದಾರಿ ಹುಟ್ಟಿನಿಂದ ಬಂದ ಗುಣವಲ್ಲ. ಅದು ಅವಳ ಮೇಲೆ ಹೊರಿಸಿದ ಕೆಲಸ.

ಭಾರತದ್ದೇ ಒಂದು ದೊಡ್ಡ ಅಧ್ಯಯನವಿದೆ. 2017ರಲ್ಲಿ ಸೀಮಾ ಜಯಚಂದ್ರನ್ ಮತ್ತು ರೋಹಿಣಿ ಪಾಂಡೆ ಭಾರತ ಹಾಗೂ ಆಫ್ರಿಕಾದ 1,68,000ಕ್ಕೂ ಹೆಚ್ಚು ಮಕ್ಕಳ ಎತ್ತರವನ್ನು ಹೋಲಿಸಿದರು. ಆಫ್ರಿಕಾದ ಅನೇಕ ದೇಶಗಳು ನಮಗಿಂತ ಬಡವಾಗಿದ್ದರೂ ನಮ್ಮ ಮಕ್ಕಳೇ ಗಿಡ್ಡ. ಯಾಕೆ ಎಂಬುದು ಅವರ ಪ್ರಶ್ನೆ. ಮೊದಲ ಮಗು ಗಂಡಾಗಿದ್ದರೆ ಅವನು ಎತ್ತರದಲ್ಲಿ ಹಿಂದಿಲ್ಲ ಎಂದು ಅವರಿಗೆ ಕಂಡಿತು. ಎರಡನೇ ಮಗುವಿನಿಂದ ಕೊರತೆ ಶುರುವಾಗಿ ಮುಂದಿನ ಮಕ್ಕಳಲ್ಲಿ ಹೆಚ್ಚುತ್ತದೆ. ಹಿರಿಮಗನೇ ಮುಪ್ಪಿನಲ್ಲಿ ನೋಡಿಕೊಳ್ಳುವವನು ಎಂಬ ಆಸೆಯಿಂದ ಅವನಿಗೆ ಆಹಾರ, ಆರೈಕೆ ಹೆಚ್ಚು ಸಿಗುತ್ತದೆ ಎಂಬುದು ಅವರ ವಿವರಣೆ. ಮೊದಲು ಹೆಣ್ಣುಮಕ್ಕಳೇ ಹುಟ್ಟಿದ ಮನೆಯಲ್ಲಿ ಗಂಡುಮಗುವಿಗಾಗಿ ಅಂದುಕೊಂಡದ್ದಕ್ಕಿಂತ ಹೆಚ್ಚು ಮಕ್ಕಳಾಗುತ್ತವೆ, ಇರುವುದನ್ನೇ ಹಂಚಬೇಕಾಗುತ್ತದೆ. ಈ ಅಧ್ಯಯನಕ್ಕೆ ತಕರಾರೂ ಬಂದಿದೆ. ಇಂಥ ಸಮೀಕ್ಷೆಗಳಲ್ಲಿ ಐದು ವರ್ಷದೊಳಗಿನ ಮಕ್ಕಳನ್ನು ಮಾತ್ರ ಅಳೆಯುತ್ತಾರೆ. ಹಾಗಾಗಿ ನಾನು ಮೇಲೆ ವಿಜಯಪುರದ ಲೆಕ್ಕದಲ್ಲಿ ಹೇಳಿದ ಕುಟುಂಬದ ಗಾತ್ರದ ತೊಡಕು ಪೂರ್ತಿ ಹೋಗಿಲ್ಲ ಎಂದು ಡೀನ್ ಸ್ಪಿಯರ್ಸ್, ಡಯೇನ್ ಕಾಫಿ ಮೊದಲಾದವರು ವಾದಿಸಿದ್ದಾರೆ. ಚರ್ಚೆ ಇನ್ನೂ ನಡೆದಿದೆ.

ಈಗ ಜಗಳದ ವಿಷಯ. ಹುಟ್ಟಿದ ಕ್ರಮದಿಂದ ಸ್ವಭಾವ ಬರುವುದಿಲ್ಲ, ಆದರೆ ಕ್ರಮದ ಹೆಸರಿನಲ್ಲಿ ನಾವು ಹೇಳುವ ಮಾತಿನಿಂದ ಜಗಳ ಬರುತ್ತದೆ.

ಎರಡನೇ ಕೂಸು ಬಂದಾಗ ಹಿರಿಮಗುವಿನ ಮನಸ್ಸಿನಲ್ಲಿ ಆಳವಾದ ಗಾಯ ಆಗುತ್ತದೆ ಎಂಬ ಆಡ್ಲರ್ ಮಾತನ್ನು ಅಮೆರಿಕದ ಬ್ರೆಂಡಾ ವೋಲಿಂಗ್ ಪರೀಕ್ಷಿಸಿದರು. 241 ಕುಟುಂಬಗಳನ್ನು ಎರಡನೇ ಕೂಸು ಹುಟ್ಟುವ ಮೊದಲಿನಿಂದ ಒಂದು ವರ್ಷದವರೆಗೆ ಹಿಂಬಾಲಿಸಿದರು. ಹೆಚ್ಚಿನ ಮಕ್ಕಳಲ್ಲಿ ದೊಡ್ಡ ತೊಂದರೆ ಏನೂ ಕಾಣಲಿಲ್ಲ. ಹಟ, ಅಂಟಿಕೊಳ್ಳುವುದು, ಬಿಟ್ಟಿದ್ದ ಬಾಟಲಿ ಮತ್ತೆ ಕೇಳುವುದು, ಹಾಸಿಗೆ ಒದ್ದೆ ಮಾಡುವುದು, ಇವೆಲ್ಲ ಕೆಲವು ಮಕ್ಕಳಲ್ಲಿ ಬಂದು ಹೋಗುತ್ತವೆ. ಇದಕ್ಕೂ ಮುಂಚೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೂಡಿ ಡನ್ ಮತ್ತು ಕ್ಯಾರಲ್ ಕೆಂಡ್ರಿಕ್ 40 ಮನೆಗಳಿಗೆ ಹೋಗಿ ಕೂತು ನೋಡಿದ್ದರು. ಅಲ್ಲಿ ಅವರಿಗೆ ಒಂದು ಉಪಯೋಗದ ವಿಷಯ ಸಿಕ್ಕಿತು. ಮೊದಲ ಕೆಲವು ವಾರಗಳಲ್ಲಿ ಕೂಸನ್ನು ಒಬ್ಬ ಮನುಷ್ಯನಂತೆ ಮಾತಾಡಿಸಿ, ಹಿರಿಮಗುವನ್ನೂ ಆ ಮಾತಿನಲ್ಲಿ ಸೇರಿಸಿಕೊಂಡ ತಾಯಂದಿರ ಮಕ್ಕಳು ವರ್ಷದ ನಂತರ ಹೆಚ್ಚು ಸ್ನೇಹದಿಂದಿದ್ದರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, "ಕೂಸಿನ್ನ ಮುಟ್ಟಬ್ಯಾಡ, ದೂರ ಸರಿ" ಅನ್ನುವುದರ ಬದಲು "ಯಾಕ ಅಳಾಕತ್ತೈತಿ ನೋಡು, ಹಸದೈತೇನು? ನಿನಗೇನ ಅನಸ್ತದ?" ಎಂದು ಕೇಳುವುದು.

ಮಕ್ಕಳು ದೊಡ್ಡವರಾದಂತೆ ಜಗಳಕ್ಕೆ ಬೆಂಕಿ ಹಚ್ಚುವುದು ಅನ್ಯಾಯವಾಯಿತು ಎಂಬ ಭಾವನೆ. ಇಬ್ಬರಿಗೂ ಎಲ್ಲವನ್ನೂ ಸಮನಾಗಿ ಕೊಡಬೇಕು ಅಂತ ಅಲ್ಲ. ಅಮಾಂಡಾ ಕೋವಲ್ ಮತ್ತು ಲಾರಿ ಕ್ರೇಮರ್ 1997ರಲ್ಲಿ ಹನ್ನೊಂದರಿಂದ ಹದಿಮೂರು ವರ್ಷದ ಮಕ್ಕಳನ್ನು ಕೇಳಿದಾಗ, ತಂದೆತಾಯಿ ಬೇರೆ ಬೇರೆ ರೀತಿ ನಡೆಸಿಕೊಂಡದ್ದರಲ್ಲಿ ಬಹುಪಾಲನ್ನು ಅವರು ಅನ್ಯಾಯ ಎನ್ನಲಿಲ್ಲ. ತಮ್ಮನಿಗೆ ಓದು ಕಷ್ಟ, ಅದಕ್ಕೆ ಅಪ್ಪ ಅವನ ಜೊತೆ ಹೆಚ್ಚು ಕೂರುತ್ತಾನೆ ಎಂಬ ಕಾರಣ ತಿಳಿದರೆ ಮಕ್ಕಳು ಒಪ್ಪುತ್ತಾರೆ. ಕಾರಣ ಹೇಳದೆ ಕೊಟ್ಟದ್ದು, "ನೀ ದೊಡ್ಡಾಕಿ" ಎಂಬುದೊಂದೇ ಕಾರಣ ಕೊಟ್ಟು ಕಿತ್ತುಕೊಂಡದ್ದು, ಇವು ಉಳಿಯುತ್ತವೆ.

ಬಾಗಲಕೋಟೆ ನವನಗರದ ಒಂದು ಮನೆ ಅಂದುಕೊಳ್ಳೋಣ. ಅಕ್ಕನಿಗೆ ಹನ್ನೊಂದು, ತಮ್ಮನಿಗೆ ಏಳು. ಮನೆಗೆ ಒಂದೇ ಸೈಕಲ್. ಸಂಜೆ ಆಯಿತೆಂದರೆ ಎಳೆದಾಟ. ತಮ್ಮ ಬೀಗದ ಕೈ ಮುಚ್ಚಿಟ್ಟಿದ್ದಾನೆ, ಅಕ್ಕ ಅವನಿಗೆ ಒಂದು ಬಿಟ್ಟಿದ್ದಾಳೆ. ಅವ್ವ ಅಡುಗೆಮನೆಯಿಂದಲೇ ತೀರ್ಪು ಕೊಡುತ್ತಾಳೆ: "ಅವಾ ಸಣ್ಣಾವ ಅದಾನ, ನೀ ದೊಡ್ಡಾಕಿ ಬಿಟ್ಟಕೊಡವಾ." ಈ ಒಂದು ಮಾತಿನಿಂದ ತಮ್ಮ ಕಲಿತದ್ದು, ಜೋರಾಗಿ ಅತ್ತರೆ ಸೈಕಲ್ ಸಿಗುತ್ತದೆ ಎಂದು. ಅಕ್ಕ ಕಲಿತದ್ದು, ಅವನಿರುವವರೆಗೆ ತನಗೆ ನ್ಯಾಯವಿಲ್ಲ ಎಂದು. ಬೀಗದ ಕೈ ಯಾಕೆ ಮುಚ್ಚಿಟ್ಟ ಎಂಬುದು ಯಾರಿಗೂ ಗೊತ್ತಾಗಲೇ ಇಲ್ಲ.

ಕೆನಡಾದ ಜೂಲೀ ಸ್ಮಿತ್ ಮತ್ತು ಹಿಲ್ಡಿ ರಾಸ್ 2007ರಲ್ಲಿ ಐದರಿಂದ ಹತ್ತು ವರ್ಷದ ಮಕ್ಕಳಿರುವ 48 ಕುಟುಂಬಗಳಲ್ಲಿ ಬೇರೆ ದಾರಿ ಪ್ರಯತ್ನಿಸಿದರು. ಅವುಗಳಲ್ಲಿ ಅರ್ಧದಷ್ಟು ಮನೆಗಳ ತಂದೆತಾಯಿಗೆ ರಾಜಿ ಮಾಡಿಸುವ ಕ್ರಮ ಕಲಿಸಿದರು. ತೀರ್ಪು ಮಕ್ಕಳದ್ದು, ಮಾತಿನ ಕ್ರಮ ಮಾತ್ರ ದೊಡ್ಡವರದ್ದು.

ಆ ಮನೆಯಲ್ಲೇ ಅದನ್ನು ಮಾಡಿ ನೋಡೋಣ. ಅವ್ವ ಮೊದಲು ಇಬ್ಬರನ್ನೂ ಕೂರಿಸಿ ನಿಯಮ ಹೇಳುತ್ತಾಳೆ: ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು, ಬೈಯಬಾರದು, ಹೊಡೆಯಬಾರದು. ಆಮೇಲೆ ಇಬ್ಬರಿಂದಲೂ ಏನಾಯಿತೆಂದು ಕೇಳಿ, ಜಗಳ ಯಾವುದರ ಮೇಲೆ ಎಂಬುದನ್ನು ಒಂದು ಸಾಲಿನಲ್ಲಿ ತಾನೇ ಹೇಳುತ್ತಾಳೆ. ಇಲ್ಲಿ ಎರಡು ವಿಷಯ ಇವೆ, ಸೈಕಲ್ ಯಾರಿಗೆ ಮತ್ತು ಹೊಡೆದದ್ದು. ಎರಡನ್ನೂ ಬೇರೆ ಬೇರೆ ಇಡಬೇಕು. ಮೂರನೆಯದು ಕಷ್ಟದ ಹಂತ. ಸೈಕಲ್ ಯಾಕೆ ಬೇಕು ಎಂದು ಕೇಳಬೇಕು, ಕೇಳಿದ್ದನ್ನು ಇನ್ನೊಬ್ಬರ ಬಾಯಿಂದ ಹೇಳಿಸಬೇಕು. ಅಕ್ಕನಿಗೆ ಐದೂವರೆಗೆ ಗೆಳತಿ ಮನೆಗೆ ಹೋಗಿ ನೋಟ್ಸ್ ತರಬೇಕು, ಆರು ಗಂಟೆಗೆ ಗೆಳತಿ ಟ್ಯೂಷನ್‌ಗೆ ಹೋಗಿಬಿಡುತ್ತಾಳೆ. ತಮ್ಮನಿಗೆ ಓಣಿಯ ಹುಡುಗರೆಲ್ಲ ಸೈಕಲ್ ತರುವ ಹೊತ್ತಿಗೆ ತಾನೊಬ್ಬನೇ ನಿಂತು ನೋಡುವುದು ಬೇಡ. ಅವರು ಬರುವುದು ಆರರ ಮೇಲೆ. "ಈಗ ನೀ ಹೇಳು, ತಮ್ಮಗ ಯಾಕ ಬೇಕಂತ?" ಎಂದು ಅವ್ವ ಅಕ್ಕನನ್ನು ಕೇಳುತ್ತಾಳೆ. ಅಕ್ಕ ಹೇಳುತ್ತಿದ್ದಂತೆ ಇಬ್ಬರಿಗೂ ಗೊತ್ತಾಗುತ್ತದೆ, ಸೈಕಲ್ ಒಂದೇ ಆದರೂ ಹೊತ್ತು ಬೇರೆ ಬೇರೆ. ಕೊನೆಗೆ ಪರಿಹಾರವನ್ನು ಅವರೇ ಹೇಳಬೇಕು. ಆರಕ್ಕೆ ಮೊದಲು ಅಕ್ಕ, ಆಮೇಲೆ ತಮ್ಮ, ಬೀಗದ ಕೈ ಬಾಗಿಲ ಮೊಳೆಗೆ. ಅವ್ವನಿಗೆ ಇದಕ್ಕಿಂತ ಒಳ್ಳೆಯ ಉಪಾಯ ಹೊಳೆದರೂ ಬಾಯಿ ಬಿಡಬಾರದು. ಮಕ್ಕಳು ತಾವೇ ಮಾಡಿದ ಒಪ್ಪಂದವನ್ನು ಹೆಚ್ಚು ಪಾಲಿಸುತ್ತಾರೆ.

ಹೀಗೆ ಕಲಿತ ಮನೆಗಳಲ್ಲಿ ಮಕ್ಕಳು ಶಾಂತವಾಗಿ ಮಾತಾಡಿದರು, ಇನ್ನೊಬ್ಬರ ಮನಸ್ಸನ್ನು ಚೆನ್ನಾಗಿ ಹೇಳಬಲ್ಲವರಾದರು, ರಾಜಿಗೂ ಹೆಚ್ಚು ಬಂದರು. ಆದರೆ ಇದಕ್ಕೂ ಮಿತಿ ಇದೆ. ನಾಲ್ಕು ವರ್ಷದೊಳಗಿನ ಮಗುವಿಗೆ ಇಷ್ಟು ಮಾತು ಹಿಡಿಯುವುದಿಲ್ಲ, ಅಲ್ಲಿ ಗಮನ ಬೇರೆಡೆ ತಿರುಗಿಸುವುದೇ ಸರಿ. ದಿನದ ಹತ್ತು ಜಗಳಕ್ಕೂ ಕೂತು ಪಂಚಾಯ್ತಿ ಮಾಡಲು ಯಾವ ಅವ್ವನಿಗೂ ಆಗದು. ಮತ್ತೆ ಮತ್ತೆ ಬರುವ ಒಂದು ಜಗಳವನ್ನು ಆರಿಸಿಕೊಂಡರೆ ಸಾಕು. ಒಪ್ಪಂದ ಮುರಿದ ದಿನ ಹಳೇ ತೀರ್ಪಿಗೆ ಮರಳದೆ, "ನಿಮ್ಮ ಮಾತು ಏನಾಗಿತ್ತು?" ಎಂದು ಅಲ್ಲಿಂದಲೇ ಶುರು ಮಾಡಬೇಕು.

ಇನ್ನೊಂದು ಮಾತು. "ಅಣ್ಣ ತಮ್ಮ ಅಂದಮ್ಯಾಲ ಹೊಡದಾಡೂದ" ಎಂದು ತಳ್ಳಿಹಾಕುವ ಎಲ್ಲವೂ ಜಗಳವಲ್ಲ. ಸಾಮಾನ್ಯ ಜಗಳದಲ್ಲಿ ಇವತ್ತು ಇವನು ಗೆದ್ದರೆ ನಾಳೆ ಅವಳು ಗೆಲ್ಲುತ್ತಾಳೆ, ಅರ್ಧ ತಾಸಿನಲ್ಲಿ ಇಬ್ಬರೂ ಒಟ್ಟಿಗೆ ಕೂತು ಟಿವಿ ನೋಡುತ್ತಾರೆ. ಒಬ್ಬರೇ ಯಾವಾಗಲೂ ಪೆಟ್ಟು ತಿನ್ನುತ್ತಿದ್ದರೆ, ಅದು ವಾರದಲ್ಲಿ ಮತ್ತೆ ಮತ್ತೆ ಆಗುತ್ತಿದ್ದರೆ, ಆ ಮಗು ಇನ್ನೊಂದು ಇರುವ ಕೋಣೆಗೆ ಹೋಗಲು ಹೆದರಿದರೆ ಅದು ಪೀಡನೆ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಲಿನ ಸುಮಾರು 7,000 ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನ 2014ರಲ್ಲಿ ಬಂತು. ಹನ್ನೆರಡನೇ ವಯಸ್ಸಿನಲ್ಲಿ ಒಡಹುಟ್ಟಿದವರಿಂದ ವಾರಕ್ಕೆ ಹಲವು ಬಾರಿ ಪೀಡನೆ ಅನುಭವಿಸಿದವರಲ್ಲಿ ಹದಿನೆಂಟರ ಹೊತ್ತಿಗೆ ಖಿನ್ನತೆ ಸುಮಾರು ಎರಡು ಪಟ್ಟು ಕಂಡುಬಂತು. ಪೀಡನೆಯೇ ಖಿನ್ನತೆಗೆ ಕಾರಣ ಎಂದು ಇಂಥ ಅಧ್ಯಯನ ಪೂರ್ತಿ ಸಾಬೀತು ಮಾಡಲಾರದು, ಆದರೆ ಸುಮ್ನೆ ಬಿಡುವ ವಿಷಯ ಇದಲ್ಲ.

ಅಂಥ ಮನೆಯಲ್ಲಿ ಸೈಕಲ್ ಜಗಳದಂತೆ ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸಲು ಹೋಗಬಾರದು. ಹೆದರಿದ ಮಗು ಹೊಡೆಯುವವರ ಮುಂದೆ ನಿಜ ಹೇಳುವುದಿಲ್ಲ, ಒಪ್ಪಿಕೊಂಡಂತೆ ತಲೆಯಾಡಿಸುತ್ತದೆ. ಮೊದಲು ಇಬ್ಬರೇ ಇರುವ ಹೊತ್ತು ತಪ್ಪಿಸಬೇಕು, ಹೊಡೆತ ನಿಲ್ಲಬೇಕು. ಆಮೇಲೆ ಆ ಮಗುವನ್ನು ಒಬ್ಬಂಟಿಯಾಗಿ ಕೇಳಬೇಕು, ಹೊಡೆಯುವ ಮಗುವನ್ನೂ ಬೇರೆಯಾಗಿ ಕೇಳಬೇಕು, ಏಕೆಂದರೆ ಎಷ್ಟೋ ಸಲ ಅದೂ ಬೇರೆ ಎಲ್ಲೋ ಪೆಟ್ಟು ತಿನ್ನುತ್ತಿರುತ್ತದೆ. ಮನೆಯವರ ಕೈ ಮೀರಿದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದೊಯ್ಯಬಹುದು. ಅದಕ್ಕೆ ಮೊದಲು ಯಾರ ಜೊತೆಗಾದರೂ ಮಾತಾಡಬೇಕು ಅನಿಸಿದರೆ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.